ಒಟ್ಟಿಗೆ 24 ಜಿಬಿ ಇರುವುದಾ, 16 ಮತ್ತು 8 ಬೇರೆ ಬೇರೆ ಇರುವುದಾ? ಆಟದ ವಿಡಿಯೋ ಎಡಿಟಿಂಗ್‌ಗೆ ಲ್ಯಾಪ್‌ಟಾಪ್ ಬೇಕು

ಬಯಲಾಟ_ಕ್ಯಾಮೆರಾ (ಬ್ರಹ್ಮಾವರ)

ನಮಸ್ಕಾರ. ಮದುವೆ, ಗೃಹಪ್ರವೇಶದ ವಿಡಿಯೋ ಮಾಡುವುದು ನನ್ನ ಕೆಲಸ. ಮೇಳಗಳ ತಿರುಗಾಟ ಶುರುವಾದರೆ ಯಕ್ಷಗಾನದ ರೆಕಾರ್ಡಿಂಗ್ ಜಾಸ್ತಿ. ಈಗ ಇರುವುದು ಇಂಟೆಲ್ ಪ್ರೊಸೆಸರ್, 16 ಜಿಬಿ ರ‍್ಯಾಮ್, ಆರ್‌ಟಿಎಕ್ಸ್ 4060 ಇರುವ ವಿಂಡೋಸ್ ಲ್ಯಾಪ್‌ಟಾಪ್. ವಿಡಿಯೋ ಮೆಮೊರಿ 8 ಜಿಬಿ. ಎಡಿಟಿಂಗ್ ಡಾವಿಂಚಿ ರಿಸಾಲ್ವ್‌ನ ಸ್ಟುಡಿಯೋ ಆವೃತ್ತಿಯಲ್ಲಿ.

ಹಗಲಿನ ಮದುವೆ ವಿಡಿಯೋಗೆ ಏನೂ ತೊಂದರೆ ಇಲ್ಲ. ಆಟದ ವಿಡಿಯೋ ಬಂದಾಗ ಮಂಡೆಬಿಸಿ. ರಾತ್ರಿ ಬಯಲಿನಲ್ಲಿ ತೆಗೆದದ್ದು, ರಂಗಸ್ಥಳದ ಹಿಂದೆ ಪೂರ್ತಿ ಕತ್ತಲೆ, ಅಲ್ಲೆಲ್ಲ ಕಾಳು ಕಾಳು. ಅದಕ್ಕೆ ಟೆಂಪೊರಲ್ ನಾಯ್ಸ್ ರಿಡಕ್ಷನ್ ಹಾಕಲೇಬೇಕು. ಹಾಕಿದ ಕೂಡಲೇ ರೆಂಡರ್ ಸೆಕೆಂಡಿಗೆ ಎರಡು ಫ್ರೇಮ್‌ಗೆ ಇಳಿಯುತ್ತದೆ. ಕೆಲವೊಮ್ಮೆ `Your GPU memory is full` ಅಂತ ಹೇಳಿ ನಿಂತೇಬಿಡುತ್ತದೆ.

ಒಂದು ಅಂಗಡಿಯಲ್ಲಿ ಕೇಳಿದೆ. "24 ಜಿಬಿಯ ಮ್ಯಾಕ್ ತಗೊಳ್ಳಿ ಸರ್, ಅದರಲ್ಲಿ 24 ಜಿಬಿಯೂ ಗ್ರಾಫಿಕ್ಸಿಗೇ" ಅಂದರು. ನನಗೆ ಅರ್ಥವಾದದ್ದು ಇಷ್ಟು: ನನ್ನದರಲ್ಲಿ ಚೌಕಿ ಒಂದು ಕಡೆ, ರಂಗಸ್ಥಳ ಒಂದು ಕಡೆ, ವೇಷ ಅಲ್ಲಿಂದ ಇಲ್ಲಿಗೆ ನಡೆದು ಬರಬೇಕು. ಮ್ಯಾಕ್‌ನಲ್ಲಿ ಚೌಕಿ, ರಂಗಸ್ಥಳ ಎರಡೂ ಒಂದೇ. ಇದು ಸರಿಯಾ? ನನ್ನ 16 + 8 ಕೂಡಾ 24 ಆಯ್ತಲ್ಲ, ಮತ್ತೆ ಯಾಕೆ ತುಂಬಿತು ಅನ್ನುತ್ತದೆ?

ಸುರತ್ಕಲ್_ಹುಡುಗ

ಅಣ್ಣ, ನಿಮ್ಮ ಹೋಲಿಕೆ ಕರೆಕ್ಟ್. ಬೇರೆ ಬೇರೆ ಮೆಮೊರಿ ಇದ್ದರೆ ಪ್ರತಿ ಫ್ರೇಮ್ ರ‍್ಯಾಮ್‌ನಿಂದ ವಿಡಿಯೋ ಮೆಮೊರಿಗೆ ಕಾಪಿ ಆಗಬೇಕು, ಕೆಲಸ ಮುಗಿದ ಮೇಲೆ ವಾಪಸ್ ಕಾಪಿ ಆಗಬೇಕು. ಸಮಯ ಹೋಗುವುದು ಅಲ್ಲೇ. ಯೂನಿಫೈಡ್ ಮೆಮೊರಿಯಲ್ಲಿ ಕಾಪಿಯೇ ಇಲ್ಲ, ಹಾಗಾಗಿ ಫಾಸ್ಟ್. ಕಣ್ಣು ಮುಚ್ಚಿ ಮ್ಯಾಕ್ ತಗೊಳ್ಳಿ.

ಭಟ್ರು_ಕದ್ರಿ

ಸ್ವಲ್ಪ ತಡೆಯಿರಿ, ಕಣ್ಣು ಮುಚ್ಚುವುದು ಬೇಡ. ಕಾಪಿ ಆಗುತ್ತದೆ ಎನ್ನುವುದು ಸರಿ. ಸಮಯ ಅಲ್ಲೇ ಹೋಗುತ್ತದೆ ಎನ್ನುವುದನ್ನು ಲೆಕ್ಕ ಹಾಕಿ ನೋಡೋಣ.

4ಕೆ ಫ್ರೇಮ್ ಅಂದರೆ 3840 × 2160, ಸುಮಾರು 83 ಲಕ್ಷ ಪಿಕ್ಸೆಲ್. ಕ್ಯಾಮೆರಾದ 10 ಬಿಟ್ 4:2:2 ಫೈಲ್ ಬಿಚ್ಚಿದ ಮೇಲೆ ಒಂದು ಫ್ರೇಮ್ ಸುಮಾರು 33 ಎಂಬಿ ಆಗುತ್ತದೆ. ಸೆಕೆಂಡಿಗೆ 25 ಫ್ರೇಮ್ ಅಂದರೆ 830 ಎಂಬಿ. 4060 ಲ್ಯಾಪ್‌ಟಾಪ್ ಕಾರ್ಡ್ ಪ್ರೊಸೆಸರ್‌ಗೆ ಸೇರುವುದು ಪಿಸಿಐಇ 4.0ರ ಎಂಟು ಲೇನ್‌ಗಳಲ್ಲಿ. ಅದರಲ್ಲಿ ಕಾಗದದ ಮೇಲೆ ಒಂದೊಂದು ದಿಕ್ಕಿಗೆ ಸೆಕೆಂಡಿಗೆ 16 ಜಿಬಿ ಹೋಗುತ್ತದೆ. ನಿಜದಲ್ಲಿ ಇನ್ನೂ ಕಮ್ಮಿ ಸಿಗುತ್ತದೆ, ಆದರೂ ನಿಮ್ಮ ವಿಡಿಯೋ ಆ ದಾರಿಯ ಹತ್ತರಲ್ಲಿ ಒಂದು ಭಾಗವನ್ನೂ ತುಂಬುವುದಿಲ್ಲ. ವೇಷ ಚೌಕಿಯಿಂದ ಒಂದು ಸಲ ನಡೆದು ಬರುವುದು ದೊಡ್ಡ ಖರ್ಚೇ ಅಲ್ಲ. ಅದೇ ಖರ್ಚಾಗಿದ್ದರೆ ನಿಮ್ಮ ಮದುವೆ ವಿಡಿಯೋ ಕೂಡಾ ನಿಂತು ನಿಂತು ಓಡಬೇಕಿತ್ತು, ಅಲ್ವಾ?

ನಿಮ್ಮ ತೊಂದರೆ ಬೇರೆ ಇರಬೇಕು. ರೆಂಡರ್ ಆಗುವಾಗ ಟಾಸ್ಕ್ ಮ್ಯಾನೇಜರ್ ತೆರೆದು `Performance` ಒಳಗೆ ಎನ್ವಿಡಿಯಾ ಕಾರ್ಡ್ ಆರಿಸಿ. ಅಲ್ಲಿ `Dedicated GPU memory`, `Shared GPU memory` ಅಂತ ಎರಡು ಗ್ರಾಫ್ ಇವೆ. ಎರಡರ ಅಂಕೆಯನ್ನೂ ಇಲ್ಲಿ ಹಾಕಿ. ನಾಯ್ಸ್ ರಿಡಕ್ಷನ್ ಇರುವಾಗ ಒಂದು ಸಲ, ಇಲ್ಲದಾಗ ಒಂದು ಸಲ.

ಮಲ್ಪೆ_ಬಂದರು

ಓ, ಇದು ನಂದೂ ಸಮಸ್ಯೆ ಮಾರಾಯ್ರೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಬೇರೆ ಕಾರ್ಡ್ ಇಲ್ಲ, ಇಂಟೆಲ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಮಾತ್ರ. ರ‍್ಯಾಮ್ 8 ಜಿಬಿ, ಡಿಡಿಆರ್4, ಒಂದೇ ಸ್ಟಿಕ್. `Shared GPU memory` 3.9 ಜಿಬಿ ಅಂತ ತೋರಿಸುತ್ತದೆ. ಹಾಗಾದರೆ ನನ್ನದೂ ಯೂನಿಫೈಡ್ ಅಲ್ವಾ? ಇನ್ನೊಂದು 8 ಜಿಬಿ ಹಾಕಿದರೆ ಗ್ರಾಫಿಕ್ಸ್ ಜಾಸ್ತಿ ಆಗ್ತದಾ? ಮಗ ಗೇಮ್ ಗೇಮ್ ಅಂತ ತಲೆ ತಿನ್ನುತ್ತಾನೆ.

ಬೋರ್ಡ್_ರಿಪೇರಿ (ಹಂಪನಕಟ್ಟೆ)

ಹಾಕಿ ಹಾಕಿ, ಸುಮ್ನೆ ಯೋಚನೆ ಮಾಡಬೇಡಿ. ಆ ಅಂಕೆ 3.9ರಿಂದ 8ರ ಹತ್ತಿರ ಹೋಗುತ್ತದೆ, ಯಾಕಂದ್ರೆ ವಿಂಡೋಸ್ ಅರ್ಧ ರ‍್ಯಾಮನ್ನು ಗ್ರಾಫಿಕ್ಸ್ ಬಳಸಬಹುದು ಅಂತ ಲೆಕ್ಕ ಇಡುತ್ತದೆ. ಅದು ಎತ್ತಿಟ್ಟ ಜಾಗ ಅಲ್ಲ, ಮೇಲಿನ ಮಿತಿ ಅಷ್ಟೇ. ನಿಜವಾದ ಲಾಭ ಬೇರೆ ಉಂಟು. ಈಗ ಒಂದೇ ಸ್ಟಿಕ್ ಇರುವುದರಿಂದ ಒಂದೇ ಚಾನೆಲ್ ಓಡುತ್ತಿದೆ. ಡಿಡಿಆರ್4 3200 ಅಂದರೆ ಸೆಕೆಂಡಿಗೆ 25.6 ಜಿಬಿ. ಎರಡು ಸ್ಟಿಕ್ ಆದರೆ 51.2. ಒಳಗಿನ ಗ್ರಾಫಿಕ್ಸಿಗೆ ಬೇರೆ ಮೆಮೊರಿ ಇಲ್ಲವಲ್ಲ, ಹಾಗಾಗಿ ಈ ವೇಗ ಎರಡು ಪಟ್ಟಾದರೆ ಗೇಮ್‌ನಲ್ಲಿ ಕಣ್ಣಿಗೇ ಕಾಣುತ್ತದೆ. ನಾನು ಅಂಗಡಿಗೆ ಬಂದವರಿಗೆ ಮೊದಲು ಮಾಡಿಸುವ ಕೆಲಸ ಇದು.

ಮತ್ತೆ ಯೂನಿಫೈಡ್ ಅನ್ನುವುದರ ಬಗ್ಗೆ ನನ್ನ ಅಭಿಪ್ರಾಯ: ಹಳೆಯ ಆನ್‌ಬೋರ್ಡ್ ಗ್ರಾಫಿಕ್ಸಿಗೆ ಹೊಸ ಹೆಸರು ಇಟ್ಟು ದುಡ್ಡು ಜಾಸ್ತಿ ಮಾಡಿದ್ದಾರೆ. ಬೇರೆ ಎಂತದೂ ಇಲ್ಲ.

ಸುರತ್ಕಲ್_ಹುಡುಗ

ರಿಪೇರಿಯಣ್ಣ, ಎರಡೂ ಒಂದೇನಾ? ಆನ್‌ಬೋರ್ಡ್‌ನಲ್ಲಿ 4ಕೆ ಎಡಿಟ್ ಮಾಡಿ ತೋರಿಸಿ ನೋಡುವ 😄

ಭಟ್ರು_ಕದ್ರಿ

ರಿಪೇರಿಯವರ ಮಾತು ಪೂರ್ತಿ ತಪ್ಪಲ್ಲ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ ಮೆಮೊರಿಯನ್ನು ಹಂಚಿಕೊಳ್ಳುವುದು ಹೊಸತಲ್ಲ. ಹಳೆಯ ಕ್ರಮದಲ್ಲಿ ಬಯಾಸ್ ಶುರುವಿನಲ್ಲೇ ಒಂದು ತುಂಡು ಕತ್ತರಿಸಿ ಗ್ರಾಫಿಕ್ಸಿಗೆ ಅಂತ ಇಡುತ್ತಿತ್ತು. ಆ ತುಂಡಿಗೆ ಡೇಟಾ ಹೋಗಬೇಕಾದರೆ ಒಂದೇ ಚಿಪ್‌ನ ಒಳಗೇ ಮತ್ತೊಂದು ಕಾಪಿ. ಈಗಿನ ಒಳಗಿನ ಗ್ರಾಫಿಕ್ಸ್‌ಗಳು ಆ ಕಾಪಿ ಇಲ್ಲದೆ ಕೂಡಾ ಕೆಲಸ ಮಾಡಬಲ್ಲವು, ಸಾಫ್ಟ್‌ವೇರ್ ಹಾಗೆ ಬರೆದಿದ್ದರೆ. ಆಪಲ್ 2020ರಲ್ಲಿ ಎಂ1 ತಂದಾಗಿನಿಂದ ತನ್ನ ಸಾಫ್ಟ್‌ವೇರನ್ನೂ ಈ ಒಂದೇ ಮೆಮೊರಿ ಇದೆ ಎಂದುಕೊಂಡೇ ಕಟ್ಟಿದೆ. ಒಂದು ಬಫರ್, ಎರಡೂ ಕಡೆಯವರಿಗೆ ಅದೇ ವಿಳಾಸ.

ಆದರೆ ಗಮನಿಸಬೇಕಾದದ್ದು ದಾರಿಯ ಅಗಲ. ಮಾಮೂಲಿ ಎಂ4ರಲ್ಲಿ ಮೆಮೊರಿ ಬಸ್ 128 ಬಿಟ್, ಸೆಕೆಂಡಿಗೆ 120 ಜಿಬಿ. ಎರಡು ಸ್ಟಿಕ್ ಹಾಕಿದ ಸಾಧಾರಣ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲೂ ಅಗಲ 128 ಬಿಟ್ಟೇ. ಡಿಡಿಆರ್5 5600 ಆದರೆ ಸೆಕೆಂಡಿಗೆ 90 ಜಿಬಿಯಷ್ಟು. ಅಂದರೆ ಕೆಳಗಿನ ಹಂತದ ಮ್ಯಾಕ್ ಮಟ್ಟಿಗೆ ರಿಪೇರಿಯವರು ಹೇಳಿದ್ದು ಮುಕ್ಕಾಲು ಪಾಲು ಸರಿ. ಎಂ4 ಪ್ರೊಗೆ ಹೋದರೆ 256 ಬಿಟ್, 273 ಜಿಬಿ. ಅದು ಬೇರೆ ಜಾತಿ. ನಿಮ್ಮ 4060ರ ಸ್ವಂತ ಮೆಮೊರಿಯ ವೇಗ 256 ಜಿಬಿ, ಅದನ್ನು ನೆನಪಿಡಿ. ಆ ಅಂಕೆಯನ್ನು ಮುಟ್ಟದ ಮ್ಯಾಕ್ "ಕಾಪಿ ಇಲ್ಲ, ಹಾಗಾಗಿ ಫಾಸ್ಟ್" ಆಗುವುದಿಲ್ಲ.

ಬಯಲಾಟ_ಕ್ಯಾಮೆರಾ

ಭಟ್ರೇ, ಅಂಕೆ ಹಾಕ್ತಿದ್ದೇನೆ. ನಾಯ್ಸ್ ರಿಡಕ್ಷನ್ ಇಲ್ಲದಾಗ ಡೆಡಿಕೇಟೆಡ್ 4.1, ಶೇರ್ಡ್ 0.2. ರೆಂಡರ್ 30 ಫ್ರೇಮ್‌ಗಿಂತ ಮೇಲೆ. ನಾಯ್ಸ್ ರಿಡಕ್ಷನ್ ಹಾಕಿ ಫ್ರೇಮ್ ಸಂಖ್ಯೆ 5 ಕೊಟ್ಟಾಗ ಡೆಡಿಕೇಟೆಡ್ 7.7, ಶೇರ್ಡ್ 2.3. ರೆಂಡರ್ 2 ಫ್ರೇಮ್. ಮತ್ತೊಂದು ವಿಚಿತ್ರ: ಮೇಲೆ ಬರೀ `GPU memory` ಅಂತ ಇರುವಲ್ಲಿ 15.8 ಜಿಬಿ ಎಂದು ತೋರಿಸುತ್ತದೆ. ಹಾಗಾದರೆ ಇನ್ನೂ ಜಾಗ ಉಂಟಲ್ಲ?

ಭಟ್ರು_ಕದ್ರಿ

ಸಿಕ್ಕಿತು. ಆ 15.8 ನೋಡಿ ಮೋಸ ಹೋಗಬೇಡಿ. ಕಾರ್ಡ್‌ನ 8 ಜಿಬಿಗೆ ನಿಮ್ಮ ರ‍್ಯಾಮ್‌ನ ಅರ್ಧ ಸೇರಿಸಿ ವಿಂಡೋಸ್ ಬರೆದ ಮೊತ್ತ ಅದು. ನಿಮ್ಮ 16 + 8 ಯಾಕೆ 24 ಅಲ್ಲ ಅಂದರೆ ಉತ್ತರ ಇಲ್ಲೇ ಇದೆ. ಕಾರ್ಡ್‌ಗೆ ಆ 8ರ ಆಚೆಗಿನ ಒಂದೊಂದು ಬೈಟ್ ಕೂಡಾ ಪಿಸಿಐಇ ದಾರಿಯಲ್ಲಿ ಬರಬೇಕು.

ಈಗ ನಾಯ್ಸ್ ರಿಡಕ್ಷನ್ ಏನು ಮಾಡುತ್ತದೆ ನೋಡಿ. ರಿಸಾಲ್ವ್ ಒಳಗೆ ಲೆಕ್ಕ ಮಾಡುವಾಗ ಒಂದೊಂದು ಬಣ್ಣಕ್ಕೂ 32 ಬಿಟ್ ಇಡುತ್ತದೆ. ನಾಲ್ಕು ಚಾನೆಲ್ ಅಂತ ಹಿಡಿದರೆ ಒಂದು 4ಕೆ ಫ್ರೇಮ್ ಸುಮಾರು 133 ಎಂಬಿ. ಟೆಂಪೊರಲ್ ಅಂದರೆ ಅಕ್ಕಪಕ್ಕದ ಫ್ರೇಮ್‌ಗಳನ್ನು ಹೋಲಿಸಿ ನೋಡುವುದು. ಅವೆಲ್ಲ ಒಟ್ಟಿಗೆ ಕೈಯಲ್ಲಿ ಇರಬೇಕು. ಜೊತೆಗೆ ಯಾವ ಚುಕ್ಕಿ ಎಲ್ಲಿಗೆ ಸರಿಯಿತು ಎನ್ನುವ ಲೆಕ್ಕಕ್ಕೆ ಜಾಗ, ನಿಮ್ಮ ಬಣ್ಣದ ನೋಡ್‌ಗಳ ಫಲಿತಾಂಶಕ್ಕೆ ಜಾಗ. ಹೀಗೆ ಜಿಬಿಗಳು ಮಾಯ ಆಗುತ್ತವೆ.

ನಿಮ್ಮದರಲ್ಲಿ 2 ಜಿಬಿಯಷ್ಟು ಹೊರಗೆ ಚೆಲ್ಲಿದೆ. ಪ್ರತಿ ಫ್ರೇಮ್‌ಗೂ ಆ 2 ಜಿಬಿಯನ್ನು ಒಂದು ಸಲ ಓದಬೇಕು ಅಂತ ಇಟ್ಟುಕೊಳ್ಳಿ. ಕಾರ್ಡ್‌ನ ಸ್ವಂತ ಮೆಮೊರಿಯಲ್ಲಿ ಇದ್ದಿದ್ದರೆ ಅದಕ್ಕೆ 8 ಮಿಲಿಸೆಕೆಂಡ್ ಸಾಕಿತ್ತು. ಪಿಸಿಐಇ ಮೂಲಕ ಆದರೆ 125 ಮಿಲಿಸೆಕೆಂಡ್. ಅಲ್ಲಿಗೇ ಸೆಕೆಂಡಿಗೆ 8 ಫ್ರೇಮ್ ಮೀರಲು ಆಗುವುದಿಲ್ಲ. ನಾಯ್ಸ್ ರಿಡಕ್ಷನ್ ಒಂದೇ ಡೇಟಾವನ್ನು ಹಲವು ಸಲ ಓದುತ್ತದೆ, ಹಾಗಾಗಿ 2ಕ್ಕೆ ಬಿದ್ದದ್ದರಲ್ಲಿ ಆಶ್ಚರ್ಯ ಇಲ್ಲ. ಸ್ವಲ್ಪ ಸ್ವಲ್ಪ ನಿಧಾನ ಆಗುವುದಲ್ಲ ಇದು. 7.5 ಜಿಬಿವರೆಗೆ ಆರಾಮ, ಆಮೇಲೆ ಧಡಕ್ಕನೆ ಪ್ರಪಾತ.

ಕೆಲವೊಮ್ಮೆ ನಿಧಾನ, ಕೆಲವೊಮ್ಮೆ ಮೆಸೇಜ್ ಕೊಟ್ಟು ನಿಲ್ಲುವುದು, ಎರಡಕ್ಕೂ ಮೂಲ ಒಂದೇ. ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ `CUDA - Sysmem Fallback Policy` ಅಂತ ಇದೆ. ಅದರಲ್ಲಿ `Prefer No Sysmem Fallback` ಆರಿಸಿದರೆ ರ‍್ಯಾಮ್‌ಗೆ ಚೆಲ್ಲುವ ಬದಲು ನೇರ ಎರರ್ ಕೊಡುತ್ತದೆ. ರಾತ್ರಿ ಇಡೀ ಎರಡು ಫ್ರೇಮ್‌ನಲ್ಲಿ ತೆವಳುವುದಕ್ಕಿಂತ ನಿಂತರೇ ವಾಸಿ ಅನ್ನುವವರಿಗೆ ಅದು ಒಳ್ಳೆಯದು.

ರೆಂಡರ್ ಬಿಟ್ಟು ಮಲಗುವವರಾದರೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಓಡಿಸಿ. ಸೆಕೆಂಡಿಗೊಮ್ಮೆ ಕಾರ್ಡ್‌ನ ಮೆಮೊರಿ ಎಷ್ಟು ತುಂಬಿದೆ ಅಂತ ಬರೆಯುತ್ತಾ ಹೋಗುತ್ತದೆ.

```
nvidia-smi --query-gpu=memory.used,memory.total --format=csv -l 1
```

ಮಣಿಪಾಲ_ಮಾಡೆಲ್

ನಾನು ಆರ್ಕಿಟೆಕ್ಚರ್ ಓದುವವಳು, ಬ್ಲೆಂಡರ್ ಬಳಸುತ್ತೇನೆ. ಭಟ್ರು ಹೇಳಿದ ಪ್ರಪಾತ ನನಗೆ ಚೆನ್ನಾಗಿ ಪರಿಚಯ. ನನ್ನದು 6 ಜಿಬಿ ಕಾರ್ಡ್. ಕಾಪು ಕಡೆಯ ಒಂದು ಮನೆಯ ಮಾಡೆಲ್ ಮಾಡಿದ್ದೆ. ಹಂಚು, ಕೆಂಪುಕಲ್ಲು, ತೆಂಗಿನ ಮರ, ಎಲ್ಲದಕ್ಕೂ 4ಕೆ ಟೆಕ್ಸ್ಚರ್. ಒಂದು ಟೆಕ್ಸ್ಚರ್ ಬಿಚ್ಚಿದರೆ 64 ಎಂಬಿ. ಅಂಥದ್ದು ನೂರು ಆದರೆ ಕಾರ್ಡ್ ಮುಗಿಯಿತು. ನನ್ನ ಗೆಳತಿಯ 16 ಜಿಬಿ ಮ್ಯಾಕ್‌ನಲ್ಲಿ ಅದೇ ಫೈಲ್ ತೊಂದರೆ ಇಲ್ಲದೆ ತೆರೆಯಿತು, ರೆಂಡರೂ ಆಯಿತು. ಆದರೆ ಚಿಕ್ಕ ಫೈಲ್ ಕೊಟ್ಟರೆ ನನ್ನದೇ ಬೇಗ ಮುಗಿಸುತ್ತದೆ.

ಕೊನೆಗೆ ದೂರದ ವಸ್ತುಗಳ ಟೆಕ್ಸ್ಚರನ್ನೆಲ್ಲ 2ಕೆಗೆ ಇಳಿಸಿದೆ. 64 ಎಂಬಿ ಇದ್ದದ್ದು 16 ಆಯಿತು, ಚಿತ್ರದಲ್ಲಿ ಯಾರಿಗೂ ವ್ಯತ್ಯಾಸ ಗೊತ್ತಾಗಲಿಲ್ಲ.

ನನ್ನ ಪ್ರಶ್ನೆ: 16 ಜಿಬಿ ಮ್ಯಾಕ್ ಅಂದರೆ 16 ಜಿಬಿಯೂ ಗ್ರಾಫಿಕ್ಸಿಗೆ ಸಿಗುತ್ತದಾ?

ಭಟ್ರು_ಕದ್ರಿ

ಇಲ್ಲ. ಅಂಗಡಿಯವರು ಹೇಳಿದ್ದರಲ್ಲಿ ತಪ್ಪಿರುವುದು ಇದೇ. ಸಣ್ಣ ಮ್ಯಾಕ್‌ಗಳಲ್ಲಿ ಗ್ರಾಫಿಕ್ಸ್ ಬಳಸಬಹುದಾದ ಮಿತಿ ಒಟ್ಟು ಮೆಮೊರಿಯ ಸುಮಾರು ಮೂರರಲ್ಲಿ ಎರಡು ಪಾಲು. 24 ಜಿಬಿಯದ್ದರಲ್ಲಿ ಹತ್ತಿರ ಹತ್ತಿರ 16. ಉಳಿದದ್ದರಲ್ಲಿ ಮ್ಯಾಕ್‌ಒಎಸ್, ಬ್ರೌಸರ್, ರಿಸಾಲ್ವ್‌ನ ಪ್ರೊಸೆಸರ್ ಕಡೆಯ ಕೆಲಸ ಎಲ್ಲವೂ ಕೂರಬೇಕು. ಆ 16 ಕೂಡಾ ಎತ್ತಿಟ್ಟದ್ದಲ್ಲ. ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ತೆರೆದಿಟ್ಟರೆ ಅದೂ ಇದೇ ಮೆಮೊರಿಯಿಂದಲೇ ತಿನ್ನುತ್ತದೆ. ಬೇರೆ ಕಾರ್ಡ್ ಇದ್ದವರಿಗೆ ಆ ಚಿಂತೆ ಅಷ್ಟಿಲ್ಲ, 8 ಜಿಬಿಯ ಹೆಚ್ಚಿನ ಪಾಲು ಗ್ರಾಫಿಕ್ಸಿನದ್ದೇ.

ಯೂನಿಫೈಡ್‌ನಲ್ಲೂ ಪ್ರಪಾತ ಉಂಟು, ಬೇರೆ ಜಾಗದಲ್ಲಿ. ಎಲ್ಲ ತುಂಬಿದ ಮೇಲೆ ಅದು ಎಸ್‌ಎಸ್‌ಡಿಗೆ ಚೆಲ್ಲುತ್ತದೆ. ಅಲ್ಲಿ ಸೆಕೆಂಡಿಗೆ 3 ಜಿಬಿ ಸಿಕ್ಕಿತು ಅಂತ ಹಿಡಿದರೂ ನಮ್ಮ 2 ಜಿಬಿ ಉದಾಹರಣೆಗೆ ಮುಕ್ಕಾಲು ಸೆಕೆಂಡ್ ಹತ್ತಿರ ಬೇಕು. ಪಿಸಿಐಇಗಿಂತಲೂ ಕಡೆ. ಆಕ್ಟಿವಿಟಿ ಮಾನಿಟರ್‌ನಲ್ಲಿ `Memory Pressure` ಹಸಿರಿನಿಂದ ಹಳದಿ, ಕೆಂಪಿಗೆ ಹೋದರೆ ಅಲ್ಲಿಗೆ ಬಂದಿರಿ ಅಂತ ಅರ್ಥ. ಟರ್ಮಿನಲ್‌ನಲ್ಲಿ ನೋಡುವುದಾದರೆ `sysctl vm.swapusage`. ಗೆಳತಿಯ ಮ್ಯಾಕ್‌ನಲ್ಲಿ ನಿಮ್ಮ ಫೈಲ್ ರೆಂಡರ್ ಆಗುವಾಗ ಒಮ್ಮೆ ನೋಡಿ.

ಬೋರ್ಡ್_ರಿಪೇರಿ (ಹಂಪನಕಟ್ಟೆ)

ನಾನು ಸ್ಕ್ರೂಡ್ರೈವರ್ ಹಿಡಿಯುವವನು, ನನ್ನ ಮಾತೂ ಕೇಳಿ. ಎಂ ಸರಣಿಯ ಮ್ಯಾಕ್‌ನಲ್ಲಿ ಮೆಮೊರಿ ಚಿಪ್ ಪ್ರೊಸೆಸರ್ ಜೊತೆ ಒಂದೇ ಪ್ಯಾಕೇಜ್‌ನಲ್ಲಿ ಕೂತಿರುತ್ತದೆ. ತಗೊಳ್ಳುವ ದಿನ 16 ಅಂದರೆ ಕೊನೆವರೆಗೂ 16. ಕೆಟ್ಟರೆ ಸ್ಟಿಕ್ ತೆಗೆದು ಬೇರೆ ಹಾಕುವ ಪ್ರಶ್ನೆ ಇಲ್ಲ, ಹೆಚ್ಚಿನವರು ಬೋರ್ಡೇ ಬದಲು ಮಾಡಿ ಅನ್ನುತ್ತಾರೆ. ನಮ್ಮ ಕಡೆ ಮಳೆಗಾಲದಲ್ಲಿ ಬೋರ್ಡ್ ಹಸಿರುಗಟ್ಟಿ ಬರುವುದು ನಾನು ಎಷ್ಟು ನೋಡಿಲ್ಲ! ಬಯಲಾಟ ಅಣ್ಣನ ಲ್ಯಾಪ್‌ಟಾಪ್‌ನಲ್ಲಿ ಸ್ಲಾಟ್ ಇದ್ದರೆ ನಾಳೆಯೇ 16ನ್ನು 32 ಮಾಡಬಹುದು.

ಭಟ್ರು_ಕದ್ರಿ

ಮಾಡಬಹುದು, ಆದರೆ ಈ ರೋಗಕ್ಕೆ ಅದು ಮದ್ದಲ್ಲ. 32 ಹಾಕಿದರೆ ಶೇರ್ಡ್ ಮಿತಿ 16ಕ್ಕೆ ಏರುತ್ತದೆ, ಕಾರ್ಡ್‌ನ 8 ಹಾಗೆಯೇ ಇರುತ್ತದೆ. ಕ್ರ್ಯಾಶ್ ಕಮ್ಮಿ ಆಗಬಹುದು, ತೆವಳುವುದು ನಿಲ್ಲುವುದಿಲ್ಲ. ಮಲ್ಪೆಯವರಿಗೆ ರ‍್ಯಾಮ್ ಹಾಕಿದರೆ ವೇಗ ಬರುತ್ತದೆ, ಬಯಲಾಟದವರಿಗೆ ಬರುವುದಿಲ್ಲ. ಅವರ ಗ್ರಾಫಿಕ್ಸಿಗೆ ಇರುವುದು ಅದೊಂದೇ ಮೆಮೊರಿ, ಇವರದ್ದಕ್ಕೆ ಅದು ಚೆಲ್ಲಿದ ಮೇಲಿನ ಜಾಗ.

ಮಲ್ಪೆ_ಬಂದರು

ಹಾಗಾದರೆ ನಾನು ಹಾಕಿಸ್ತೇನೆ. ರಿಪೇರಿಯಣ್ಣ, ಶನಿವಾರ ಅಂಗಡಿ ಉಂಟಾ?

ಸುರತ್ಕಲ್_ಹುಡುಗ

ಒಪ್ಪಿದೆ ಭಟ್ರೇ, ಕಾಪಿಯ ವಿಷಯ. ಆದರೆ ನಾನು ಕಣ್ಣಾರೆ ನೋಡಿದ್ದೇನೆ. ನನ್ನ ಕಸಿನ್‌ನ ಮ್ಯಾಕ್‌ನಲ್ಲಿ ಇದೇ ಥರದ ಕ್ಯಾಮೆರಾ ಫೈಲ್ ಟೈಮ್‌ಲೈನ್‌ನಲ್ಲಿ ಬೆಣ್ಣೆ ಥರ ಓಡುತ್ತದೆ. ಮತ್ತೊಬ್ಬನ ದೊಡ್ಡ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ತಡವರಿಸುತ್ತದೆ. ಅದಕ್ಕೆ ಯೂನಿಫೈಡ್ ಮೆಮೊರಿ ಕಾರಣ ಅಲ್ವಾ?

ಭಟ್ರು_ಕದ್ರಿ

ಅದು ಮೆಮೊರಿಯ ವಿಷಯವೇ ಅಲ್ಲ. 10 ಬಿಟ್ 4:2:2 ಎಚ್.265 ಫೈಲ್ ಬಿಚ್ಚುವ ಯಂತ್ರ ಆಪಲ್ ಚಿಪ್‌ನಲ್ಲಿ ಇದೆ. ಎನ್ವಿಡಿಯಾದ 40 ಸರಣಿಯಲ್ಲಿ ಆ ಫಾರ್ಮ್ಯಾಟ್‌ಗೆ ಇಲ್ಲ, 50 ಸರಣಿಯಲ್ಲಿ ಬಂದಿದೆ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್‌ನಲ್ಲಿ 11ನೇ ತಲೆಮಾರಿನಿಂದ ಇದ್ದೇ ಇದೆ. ಆ ಗೇಮಿಂಗ್ ಲ್ಯಾಪ್‌ಟಾಪ್‌ನಲ್ಲಿ ಇಂಟೆಲ್ ಗ್ರಾಫಿಕ್ಸನ್ನು ಆಫ್ ಮಾಡಿಟ್ಟಿದ್ದಾರಾ ನೋಡಿ. ಗೇಮ್ ಆಡುವವರು ಹಾಗೆ ಮಾಡುವುದುಂಟು. ಆಗ ಬಿಚ್ಚುವ ಕೆಲಸ ಪೂರ್ತಿ ಪ್ರೊಸೆಸರ್ ತಲೆ ಮೇಲೆ.

ಸುರತ್ಕಲ್_ಹುಡುಗ

ಕೇಳಿ ಹೇಳ್ತೇನೆ. ಅವನದು ಇಂಟೆಲ್ಲಾ ಎಎಂಡಿಯಾ ಅಂತಲೇ ನೆನಪಿಲ್ಲ.

ಬಯಲಾಟ_ಕ್ಯಾಮೆರಾ

ಇವತ್ತು ಸ್ವಲ್ಪ ಬದಲಾಯಿಸಿ ನೋಡಿದೆ. ನಾಯ್ಸ್ ರಿಡಕ್ಷನ್‌ನ ಫ್ರೇಮ್ ಸಂಖ್ಯೆ 5ರಿಂದ 2 ಮಾಡಿದೆ. ಬ್ರೌಸರ್ ಮುಚ್ಚಿದೆ. ಹೊರಗಿನ ಮಾನಿಟರ್ ಎನ್ವಿಡಿಯಾ ಕಾರ್ಡ್‌ಗೇ ಸೇರಿತ್ತು, ಅದನ್ನೂ ತೆಗೆದೆ. ಡೆಡಿಕೇಟೆಡ್ 6.9, ಶೇರ್ಡ್ 0.3. ರೆಂಡರ್ 11 ಫ್ರೇಮ್! ಎರಡು ಎಲ್ಲಿ, ಹನ್ನೊಂದು ಎಲ್ಲಿ.

ಆದರೆ ಕತ್ತಲೆ ಭಾಗದಲ್ಲಿ 5 ಇದ್ದಾಗಿನಷ್ಟು ಕ್ಲೀನ್ ಇಲ್ಲ. ಬಣ್ಣದ ವೇಷದ ಪ್ರವೇಶದಲ್ಲಿ ಬೆಳಕು ಹೆಚ್ಚು ಕಮ್ಮಿ ಆಗುವಲ್ಲಿ ಕಾಳು ಕಾಣುತ್ತದೆ. ಆಡಿಸಿದವರು ಕೇಳಲಿಕ್ಕಿಲ್ಲ, ನನ್ನ ಕಣ್ಣಿಗೆ ಮಾತ್ರ ಚುಚ್ಚುತ್ತದೆ.

ಭಟ್ರು_ಕದ್ರಿ

ಆ ದೃಶ್ಯಗಳಿಗೆ ಮಾತ್ರ 5 ಇಡಿ, ಉಳಿದದ್ದಕ್ಕೆ 2. ನಾಯ್ಸ್ ರಿಡಕ್ಷನ್ ನೋಡ್‌ಗೆ ರೆಂಡರ್ ಕ್ಯಾಶ್ ಆನ್ ಮಾಡಿ. ಅದು ಒಮ್ಮೆ ಲೆಕ್ಕ ಆಗಿ ಡಿಸ್ಕ್‌ನಲ್ಲಿ ಕೂತರೆ ಆಮೇಲೆ ಬಣ್ಣ ತಿದ್ದುವಾಗ ಮತ್ತೆ ಮೆಮೊರಿ ತಿನ್ನುವುದಿಲ್ಲ. ನಾಯ್ಸ್ ರಿಡಕ್ಷನ್ ಮೊದಲ ನೋಡ್ ಆಗಿರಬೇಕು ಅಷ್ಟೇ, ಹಿಂದಿನದು ಬದಲಾದರೆ ಕ್ಯಾಶ್ ಹೋಗುತ್ತದೆ.

ತಗೊಳ್ಳುವ ವಿಷಯಕ್ಕೆ ಬಂದರೆ: ಪ್ರತಿ ಫ್ರೇಮ್‌ಗೆ 6 ಜಿಬಿ ಓದುವ ಕೆಲಸ ಅಂತ ಹಿಡಿಯಿರಿ. ನಿಮ್ಮ 4060ಗೆ 23 ಮಿಲಿಸೆಕೆಂಡ್, ಎಂ4 ಪ್ರೊಗೆ 22, ಮಾಮೂಲಿ ಎಂ4ಗೆ 50. ಮೆಮೊರಿ ವೇಗದ ಲೆಕ್ಕ ಮಾತ್ರ ಇದು, ಲೆಕ್ಕ ಮಾಡುವ ಶಕ್ತಿ ಬೇರೆ. ಹಾಗಾಗಿ 24 ಜಿಬಿಯ ಮ್ಯಾಕ್‌ಬುಕ್ ಏರ್ ತಗೊಂಡರೆ ಎರರ್ ಬರುವುದು ಕಮ್ಮಿ ಆಗಬಹುದು, ಆದರೆ ಈಗ ಸರಿಯಾಗಿ ಓಡುವ ಮದುವೆ ವಿಡಿಯೋ ನಿಧಾನ ಆಗಬಹುದು. ಏರ್‌ಗೆ ಫ್ಯಾನ್ ಬೇರೆ ಇಲ್ಲ. ನಾಲ್ಕು ಗಂಟೆಯ ಆಟ ರೆಂಡರ್‌ಗೆ ಹಾಕಿ, ಏಪ್ರಿಲ್ ತಿಂಗಳ ಸೆಕೆಯಲ್ಲಿ ಹೇಗಿರುತ್ತದೆ ಯೋಚಿಸಿ. ನಾನಾದರೆ ಒಂದೋ ಪ್ರೊ, ಇಲ್ಲದಿದ್ದರೆ 12 ಜಿಬಿ ಕಾರ್ಡ್ ಇರುವ ವಿಂಡೋಸ್.

ಬೋರ್ಡ್_ರಿಪೇರಿ (ಹಂಪನಕಟ್ಟೆ)

ಎಎಂಡಿಯ ರೈಜೆನ್ ಎಐ ಮ್ಯಾಕ್ಸ್ ಬಿಟ್ಟೇಬಿಟ್ಟಿರಲ್ಲ. ಅದೂ 256 ಬಿಟ್, 256 ಜಿಬಿ ವೇಗ, ವಿಂಡೋಸೇ ಓಡುತ್ತದೆ. ಗ್ರಾಫಿಕ್ಸಿಗೆ ಎಷ್ಟು ಅಂತ ನಾವೇ ಸೆಟ್ಟಿಂಗ್‌ನಲ್ಲಿ ಕೊಡಬಹುದು. 32ರಲ್ಲಿ 16 ಕೊಟ್ಟರೆ ವಿಂಡೋಸ್‌ಗೆ 16 ಮಾತ್ರ ಕಾಣುತ್ತದೆ, ಅಷ್ಟೇ. ಮೆಮೊರಿ ಅದರಲ್ಲೂ ಬೆಸುಗೆ ಹಾಕಿದ್ದೇ.

ಮಲ್ಪೆಯವರೇ, ಶನಿವಾರ ಮಧ್ಯಾಹ್ನದವರೆಗೆ ಇರ್ತೇನೆ. ಹಳೆಯ ಸ್ಟಿಕ್‌ನ ಫೋಟೋ ತೆಗೆದು ತನ್ನಿ, ಸ್ಪೀಡ್ ಅದರ ಮೇಲೆ ಬರೆದಿರುತ್ತದೆ.

ಮಣಿಪಾಲ_ಮಾಡೆಲ್

ಗೆಳತಿಯ ಮ್ಯಾಕ್‌ನಲ್ಲಿ ನೋಡಿದೆ. ರೆಂಡರ್ ಆಗುವಾಗ ಹಳದಿ, ಸ್ವಾಪ್ 2 ಜಿಬಿ ಚಿಲ್ಲರೆ. ಅಂದರೆ ಅದೂ ಚೆಲ್ಲುತ್ತಿತ್ತು, ನಮಗೆ ಗೊತ್ತೇ ಆಗಿರಲಿಲ್ಲ. ಆದರೂ ನನ್ನದರಷ್ಟು ಕೆಟ್ಟದಾಗಿ ನಿಲ್ಲಲಿಲ್ಲ ಯಾಕೆ?

ಭಟ್ರು_ಕದ್ರಿ

ಹೊರಗೆ ಹೋದದ್ದು ಬಹುಶಃ ಬ್ರೌಸರ್‌ನಂಥ ಸುಮ್ನೆ ಕೂತ ಆ್ಯಪ್‌ಗಳ ಮೆಮೊರಿ. ರೆಂಡರ್ ಮತ್ತೆ ಮತ್ತೆ ಓದುವ ಡೇಟಾ ಒಳಗೇ ಉಳಿದಿರಬೇಕು. ಸ್ವಾಪ್ ಅಂಕೆ ಒಂದು ಕಡೆ ನಿಂತಿದ್ದರೆ ಪರವಾಗಿಲ್ಲ. ರೆಂಡರ್ ಉದ್ದಕ್ಕೂ ಏರುತ್ತಲೇ ಹೋದರೆ ತೊಂದರೆ. ಅದನ್ನು ಗಮನಿಸಿದ್ದೀರಾ?

ಮಣಿಪಾಲ_ಮಾಡೆಲ್

ಇಲ್ಲ, ಒಂದೇ ಸಲ ನೋಡಿದ್ದು. ನಾಳೆ ಪುನಃ ಓಡಿಸುತ್ತೇನೆ.

ಬಯಲಾಟ_ಕ್ಯಾಮೆರಾ

ಎಂ4 ಪ್ರೊ ಬೆಲೆ ಕೇಳಿ ಬೆವರು ಬಂತು. ಎಂ3 ಪ್ರೊ 18 ಜಿಬಿಯದ್ದು ಸೆಕೆಂಡ್ ಹ್ಯಾಂಡ್ ಒಂದು ಉಡುಪಿಯಲ್ಲಿ ಉಂಟಂತೆ. ಅದು ಆಗಬಹುದಾ?

ಭಟ್ರು_ಕದ್ರಿ

ಎಂ3 ಪ್ರೊ ಸೆಕೆಂಡಿಗೆ 150 ಜಿಬಿ ಮಾತ್ರ. ಹೆಸರಿನಲ್ಲಿ ಪ್ರೊ ಇದ್ದರೂ ಆ ತಲೆಮಾರಿನಲ್ಲಿ ಬಸ್ಸನ್ನು 192 ಬಿಟ್‌ಗೆ ಇಳಿಸಿದ್ದರು. 18ರಲ್ಲಿ ಗ್ರಾಫಿಕ್ಸಿಗೆ ಸಿಗುವುದು 12ರ ಆಸುಪಾಸು. ನಿಮ್ಮ ಆ 5 ಫ್ರೇಮ್‌ನ ಟೈಮ್‌ಲೈನ್ ಒಟ್ಟು 10 ಜಿಬಿ ಕೇಳಿತ್ತು, ಕೂರುತ್ತದೆ. ಆದರೆ 11 ಫ್ರೇಮ್‌ಗಿಂತ ಬೇಗ ಓಡುತ್ತದಾ ಅಂತ ನಿಮ್ಮದೇ ಫೈಲ್ ಅದರಲ್ಲಿ ಹಾಕಿ ನೋಡದೆ ಹೇಳಲಾರೆ. ಮಾರುವವರು ಒಪ್ಪಿದರೆ ಒಂದು ಪೆನ್‌ಡ್ರೈವ್‌ನಲ್ಲಿ ಅರ್ಧ ನಿಮಿಷದ ಕತ್ತಲೆ ದೃಶ್ಯ ತೆಗೆದುಕೊಂಡು ಹೋಗಿ.

ಬೋರ್ಡ್_ರಿಪೇರಿ (ಹಂಪನಕಟ್ಟೆ)

ಹೋಗುವಾಗ ಯುಎಸ್‌ಬಿ ಸಿ ಪೋರ್ಟ್ ಒಳಗೆ ಟಾರ್ಚ್ ಹಾಕಿ ನೋಡಿ. ಹಸಿರು ಕಂಡರೆ ಅಲ್ಲಿಂದಲೇ ವಾಪಸ್ ಬನ್ನಿ.